ಶೇ.10 ಸ್ಟೆಪ್-ಅಪ್: 15ನೇ ವರ್ಷದ ಕಂತು ಎಷ್ಟು ಅಂತ ನೋಡಿದ್ದೀರಾ?

"ಕಾರವಾರದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ, ಸಂಬಳ 30,000. ಮ್ಯೂಚುವಲ್ ಫಂಡಿನಲ್ಲಿ ತಿಂಗಳಿಗೆ 5,000 ಎಸ್‌ಐಪಿ ಶುರು ಮಾಡಿ ಪ್ರತಿ ವರ್ಷ ಶೇ.10 ಹೆಚ್ಚಿಸಿದರೆ 15 ವರ್ಷಕ್ಕೆ ಎಷ್ಟಾಗುತ್ತೆ? ಸುಮ್ನೆ 5,000 ಕಟ್ಟೋದಕ್ಕಿಂತ ಎಷ್ಟು ಲಾಭ?"

ತಿಂಗಳಿಗೆ ಶೇ.1 ಬೆಳೆಯುತ್ತೆ ಅಂತ ಹಿಡಿದರೆ ಸುಮಾರು 43.4 ಲಕ್ಷ. 5,000ದಲ್ಲೇ ನಿಂತರೆ 25.2 ಲಕ್ಷ. 18 ಲಕ್ಷ ಜಾಸ್ತಿ ಬಂತು ಅನ್ನಿಸುತ್ತೆ, ಅಲ್ವಾ? ಆದರೆ ಅದರಲ್ಲಿ 10 ಲಕ್ಷ ನಿಮ್ಮ ಕೈಯಿಂದಲೇ ಹೋದದ್ದು. ಹೆಚ್ಚಿಸದಿದ್ದರೆ ನೀವು ಕಟ್ಟೋದು 9 ಲಕ್ಷ, ಹೆಚ್ಚಿಸಿದರೆ 19 ಲಕ್ಷ.

ಆಪ್‌ಗಳು ಕೊನೆಯ ಮೊತ್ತವನ್ನು ದೊಡ್ಡದಾಗಿ ತೋರಿಸುತ್ತವೆ, ಕೊನೆಯ ಕಂತನ್ನು ತೋರಿಸುವುದು ಕಡಿಮೆ. ಎರಡನೇ ವರ್ಷ 5,500, ಮೂರನೇ ವರ್ಷ 6,050, ಇಲ್ಲಿತನಕ ಹಗುರ. ಹತ್ತನೇ ವರ್ಷ 11,790. ಹದಿನೈದನೇ ವರ್ಷ ತಿಂಗಳಿಗೆ 18,987! ನಿಮ್ಮ ಸಂಬಳ ವರ್ಷಕ್ಕೆ ಶೇ.6 ಏರುತ್ತೆ ಅಂತಿಟ್ಟುಕೊಳ್ಳಿ. ಆಗ ಅದು 68,000 ಹತ್ತಿರ ಇರುತ್ತೆ. ಇವತ್ತು ಸಂಬಳದ ಆರನೇ ಒಂದು ಪಾಲು ಕಟ್ಟುವವರು ಆವತ್ತು ಕಾಲು ಭಾಗಕ್ಕಿಂತ ಜಾಸ್ತಿ ಕಟ್ಟಬೇಕು. ಮಕ್ಕಳ ಫೀಸು, ಮನೆ ಸಾಲ ಎಲ್ಲ ಬರೋದೂ ಅದೇ ಹೊತ್ತಿಗೆ.

ಇನ್ನೊಂದು ವಿಷಯ. ನೀವು ಕಟ್ಟುವ 19 ಲಕ್ಷದಲ್ಲಿ ಅರ್ಧ, ಅಂದರೆ 9.5 ಲಕ್ಷ, ಕೊನೆಯ ಐದು ವರ್ಷದಲ್ಲೇ ಹೋಗುತ್ತೆ. ಆ ದುಡ್ಡಿಗೆ ಬೆಳೆಯಲು ಟೈಮೇ ಇಲ್ಲ. ಮೊದಲ ದಿನದಿಂದಲೇ ತಿಂಗಳಿಗೆ 8,605 ಕಟ್ಟಿ, ಒಂದು ರೂಪಾಯಿ ಹೆಚ್ಚಿಸದೇ ಇದ್ದರೂ ಅದೇ 43.4 ಲಕ್ಷ ಆಗುತ್ತೆ. ಕೈಯಿಂದ ಹೋಗೋದು 15.5 ಲಕ್ಷ ಮಾತ್ರ. ಹಾಗಾಗಿ ಈಗಲೇ 7,000 ಸಾಧ್ಯವಿದ್ದರೆ ಅಲ್ಲಿಂದ ಶುರು ಮಾಡಿ, ಶೇ.5 ಹೆಚ್ಚಿಸುತ್ತಾ ಹೋಗಿ ಅಂತ ನಾನು ಹೇಳುತ್ತೇನೆ. ಈಗ 5,000ಕ್ಕಿಂತ ಆಗೋದೇ ಇಲ್ಲ ಅನ್ನುವವರಿಗೆ ಸ್ಟೆಪ್-ಅಪ್ ಒಳ್ಳೆಯದೇ.

ನಮ್ಮದು ಶಿರಸಿ ಕಡೆ ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆ ರೋಗ ಬಂದರೆ ಆ ವರ್ಷದ ಆದಾಯ ಏರೋದಿರಲಿ, ಇಳಿಯುತ್ತೆ. ಕಂತು ಮಾತ್ರ ಶೇ.10 ಏರಿಯೇ ಏರುತ್ತೆ. ಅದಕ್ಕೇ ನಾನು ಸ್ಟೆಪ್-ಅಪ್ ಹಾಕಿಲ್ಲ. ಕಂತು ಹಾಗೇ ಇಟ್ಟು, ಚಾಲಿ ಅಡಿಕೆಗೆ ಒಳ್ಳೆ ರೇಟ್ ಸಿಕ್ಕಾಗ ಅದೇ ಫಂಡಿಗೆ ಒಟ್ಟಿಗೇ ಒಂದಿಷ್ಟು ಹಾಕುತ್ತೇನೆ. ತಿಂಗಳ ಸಂಬಳದವರಿಗೆ ಈ ರಗಳೆ ಇಲ್ಲ.

ಬೆಳವಣಿಗೆ ವರ್ಷಕ್ಕೆ ಶೇ.10 ಆದರೆ 43.4 ಅಲ್ಲ, ಸುಮಾರು 36 ಲಕ್ಷ. ಮಾರುಕಟ್ಟೆ ಇಷ್ಟೇ ಕೊಡುತ್ತೆ ಅಂತ ಗ್ಯಾರಂಟಿ ಕೊಡುವವರು ಯಾರೂ ಇಲ್ಲ.

ಫಾರ್ಮ್ ತುಂಬುವಾಗ ಎರಡು ಕಡೆ ಕಣ್ಣಿಡಿ. ಹೆಚ್ಚಳ ಶೇಕಡಾದಲ್ಲಿದೆಯೋ ರೂಪಾಯಿಯಲ್ಲಿದೆಯೋ ನೋಡಿ. ವರ್ಷಕ್ಕೆ 500 ರೂಪಾಯಿ ಅಂತ ಹಾಕಿದರೆ ಹದಿನೈದನೇ ವರ್ಷದ ಕಂತು 12,000 ಅಷ್ಟೇ. ಆಮೇಲೆ ಕಂತು ತಾನಾಗಿ ಕಟಾವಾಗಲು ಬ್ಯಾಂಕಿಗೆ ಕೊಡುವ ಒಪ್ಪಿಗೆ, ಅಂದರೆ ಮ್ಯಾಂಡೇಟ್‌ನ ಗರಿಷ್ಠ ಮೊತ್ತ. ಅಲ್ಲಿ 10,000 ಅಂತ ಇದ್ದರೆ ಒಂಬತ್ತನೇ ವರ್ಷ ಕಂತು 10,718 ಆಗುತ್ತಿದ್ದಂತೆ ಖಾತೆಯಲ್ಲಿ ದುಡ್ಡಿದ್ದರೂ ಕಟಾವಣೆ ಆಗಲ್ಲ. ಗರಿಷ್ಠ ಮೊತ್ತ 20,000 ಅಂತ ಹಾಕಿಡಿ.