ಪಿಎಫ್ ಪಾಸ್‌ಬುಕ್‌ನಲ್ಲಿ ಕಂಪನಿಯ ಪಾಲು 550 ರೂಪಾಯಿ ಮಾತ್ರ ಏಕೆ?

ಪ್ರಶ್ನೆ: ಉಡುಪಿಯಲ್ಲಿ ಕೆಲಸ ಮಾಡುತ್ತೇನೆ. ಸಂಬಳದಿಂದ ತಿಂಗಳಿಗೆ 1,800 ರೂಪಾಯಿ ಪಿಎಫ್ ಕಡಿತವಾಗುತ್ತದೆ. ಪಾಸ್‌ಬುಕ್‌ನಲ್ಲಿ ಕಂಪನಿಯ ಪಾಲು 550 ಮಾತ್ರ ಇದೆ. ನನಗೆ ಮೋಸವಾಗುತ್ತಿದೆಯೇ? ಬಡ್ಡಿ ಸರಿಯಾಗಿದೆಯೇ ಎಂದು ನೋಡುವುದು ಹೇಗೆ?

ಮಂಗಳೂರಿನ ಒಂದು ಗೇರುಬೀಜ ಕಾರ್ಖಾನೆಯಲ್ಲಿ ನಾನು ಸಂಬಳದ ಲೆಕ್ಕ ನೋಡಿಕೊಳ್ಳುತ್ತೇನೆ. ಪಾಸ್‌ಬುಕ್ಕಿನ ಪ್ರತಿಯನ್ನು ಹಿಡಿದು ಇದೇ ಆತಂಕದಿಂದ ನನ್ನ ಮೇಜಿನ ಮುಂದೆ ನಿಂತವರು ಅನೇಕರು. 550 ಎಂಬ ಅಂಕಿ ಒಂದೇ ಮೋಸದ ಗುರುತಲ್ಲ. ಅದರ ಪಕ್ಕದ ಪಿಂಚಣಿ ಕಾಲಂ ನೋಡಿ, ಅಲ್ಲಿ 1,250 ಇರಬೇಕು. ಎರಡನ್ನೂ ಕೂಡಿಸಿದರೆ ನಿಮ್ಮಿಂದ ಕಡಿತವಾದ 1,800 ಬರುತ್ತದೆ.

ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ಎಂದಿಟ್ಟುಕೊಳ್ಳಿ. ನಿಮ್ಮ ಶೇ. 12 ಪೂರ್ತಿಯಾಗಿ ನಿಮ್ಮ ಖಾತೆಗೆ ಹೋಗುತ್ತದೆ. ಮಾಲೀಕರೂ ಶೇ. 12 ಕೊಡುತ್ತಾರೆ, ಆದರೆ ಅದರಲ್ಲಿ ಶೇ. 8.33 ಪಿಂಚಣಿ ನಿಧಿಗೆ ಹೋಗಿ ಉಳಿದದ್ದು ಮಾತ್ರ ಪಿಎಫ್‌ಗೆ ಸೇರುತ್ತದೆ. ಪಿಂಚಣಿಯ ಭಾಗವನ್ನು ಲೆಕ್ಕ ಹಾಕುವುದು 15,000 ರೂಪಾಯಿಯವರೆಗಿನ ವೇತನದ ಮೇಲೆ ಮಾತ್ರ. ಆದ್ದರಿಂದ 25,000 ರೂಪಾಯಿ ಮೂಲವೇತನದ ಮೇಲೆ ಪೂರ್ತಿ ಪಿಎಫ್ ಕಟ್ಟುವ ಕಡೆಯಲ್ಲಿ ನಿಮ್ಮ ಕಾಲಂನಲ್ಲಿ 3,000, ಮಾಲೀಕರ ಕಾಲಂನಲ್ಲಿ 1,750, ಪಿಂಚಣಿಯಲ್ಲಿ ಅದೇ 1,250 ಕಾಣುತ್ತದೆ. 2014ರ ಸೆಪ್ಟೆಂಬರ್ ನಂತರ 15,000ಕ್ಕಿಂತ ಹೆಚ್ಚು ವೇತನದೊಂದಿಗೆ ಮೊದಲ ಸಲ ಪಿಎಫ್‌ಗೆ ಸೇರಿದವರ ಪಿಂಚಣಿ ಕಾಲಂ ಸೊನ್ನೆ ಇರುತ್ತದೆ. ಅವರಿಗೆ ಮಾಲೀಕರ ಪಾಲೆಲ್ಲ ಪಿಎಫ್‌ಗೇ ಬರುತ್ತದೆ.

ನಿಜವಾಗಿ ಪರೀಕ್ಷಿಸಬೇಕಾದದ್ದು ಎರಡು. ಮೊದಲನೆಯದು, ಪಾಸ್‌ಬುಕ್‌ನ ವೇತನ ಕಾಲಂ. ಸಂಬಳ ಚೀಟಿಯಲ್ಲಿ 1,800 ಕಡಿತವಾಗಿದ್ದು, ಇಲ್ಲಿ ವೇತನ 10,000 ಮತ್ತು ನಿಮ್ಮ ಪಾಲು 1,200 ಎಂದಿದ್ದರೆ, ಉಳಿದ 600 ಎಲ್ಲಿ ಹೋಯಿತು ಎಂದು ಕೇಳಲೇಬೇಕು. ಎರಡನೆಯದು, ಬಿಟ್ಟುಹೋದ ತಿಂಗಳು. `Cont. For Due-Month 052023` ಎಂಬ ಸಾಲು 2023ರ ಏಪ್ರಿಲ್ ಸಂಬಳದ್ದು, ಏಕೆಂದರೆ ಮುಂದಿನ ತಿಂಗಳ 15ರೊಳಗೆ ಹಣ ಕಟ್ಟಬೇಕು. ಈ ಒಂದು ತಿಂಗಳ ಅಂತರ ಗೊತ್ತಿಲ್ಲದೆ ಎಷ್ಟೋ ಜನ ಕೊನೆಯ ತಿಂಗಳು ಬಂದಿಲ್ಲವೆಂದು ಗಾಬರಿಯಾಗುತ್ತಾರೆ.

ನನ್ನ ಮೊದಲ ಕೆಲಸದಲ್ಲಿ ಹೀಗೆಯೇ ಆಯಿತು. ಮೂರು ತಿಂಗಳ ಚೀಟಿಯಲ್ಲಿ ಕಡಿತವಿತ್ತು, ಪಾಸ್‌ಬುಕ್‌ನಲ್ಲಿ ಆ ಮೂರು ಸಾಲುಗಳೇ ಇರಲಿಲ್ಲ. ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ಚೀಟಿಗಳನ್ನು ಜೋಪಾನವಾಗಿ ಇಟ್ಟಿದ್ದರಿಂದ ಮಾತ್ರ ಕೇಳುವ ಧೈರ್ಯ ಬಂತು, ಕೆಲವು ತಿಂಗಳ ನಂತರ ಮೂರೂ ಸಾಲುಗಳು ಬಂದವು.

ಇನ್ನು ಬಡ್ಡಿ. ಪ್ರತಿ ತಿಂಗಳು ಖಾತೆಯಲ್ಲಿರುವ ಹಣದ ಮೇಲೆ ಲೆಕ್ಕ ಹಾಕಿ, ಅದನ್ನು ವರ್ಷಕ್ಕೊಮ್ಮೆ ಜಮೆ ಮಾಡುತ್ತಾರೆ. 2023-24ರ ದರ ಶೇ. 8.25. ಆ ವರ್ಷದ ಆರಂಭದಲ್ಲಿ ನಿಮ್ಮ ಪಾಲು 80,000 ಇತ್ತೆನ್ನೋಣ. ಅದಕ್ಕೆ 12 ತಿಂಗಳ ಬಡ್ಡಿ 6,600. ತಿಂಗಳು ತಿಂಗಳು ಬಂದ 1,800ಕ್ಕೆ, ಅದು ಜಮೆಯಾದ ಮುಂದಿನ ತಿಂಗಳಿನಿಂದ ಬಡ್ಡಿ. ಏಪ್ರಿಲ್‌ನಲ್ಲಿ ಬಂದದ್ದಕ್ಕೆ 11 ತಿಂಗಳು, ಮೇಯಲ್ಲಿ ಬಂದದ್ದಕ್ಕೆ 10, ಹೀಗೆ ಇಳಿಯುತ್ತಾ ಮಾರ್ಚ್‌ನದ್ದಕ್ಕೆ ಸೊನ್ನೆ. ಒಟ್ಟು 66 ತಿಂಗಳು. ಲೆಕ್ಕ ಇಷ್ಟೇ:

```
80000 × 8.25 / 100       = 6600.00
1800 × 66 × 8.25 / 1200  =  816.75
```

ಅಂದರೆ `Int. Updated upto 31/03/2024` ಸಾಲಿನಲ್ಲಿ ನಿಮ್ಮ ಪಾಲಿಗೆ ಸುಮಾರು 7,417 ಇರಬೇಕು. ಮಾಲೀಕರ ಕಾಲಂಗೂ ಇದೇ ರೀತಿ ಮಾಡಿ. ಪಿಂಚಣಿ ಕಾಲಂಗೆ ಬಡ್ಡಿ ಬರುವುದಿಲ್ಲ, ಅದನ್ನು ಕೂಡಿಸಿ ಲೆಕ್ಕ ಹಾಕಿದರೆ ಖಂಡಿತ ತಪ್ಪುತ್ತದೆ. ನಡುವೆ ಹಣ ತೆಗೆದಿದ್ದರೂ ಮೊತ್ತ ಬದಲಾಗುತ್ತದೆ. ಒಂದೆರಡು ರೂಪಾಯಿ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ಹೊಸ ವರ್ಷ ಶುರುವಾದ ಮೇಲೂ ಹಿಂದಿನ ವರ್ಷದ ಬಡ್ಡಿ ಕಾಣದಿದ್ದರೆ ಅದು ಕಳೆದುಹೋಗಿಲ್ಲ. ಸರ್ಕಾರ ದರವನ್ನು ಅಧಿಸೂಚಿಸಿದ ನಂತರವೇ ಸಾಲು ಬರುತ್ತದೆ, ತಡವಾದರೂ ಅದನ್ನು ಮಾರ್ಚ್ 31ರ ಲೆಕ್ಕಕ್ಕೇ ಸೇರಿಸುತ್ತಾರೆ.

ಕೆಲಸ ಬದಲಿಸಿದ್ದರೆ ಪ್ರತಿ ಸಂಸ್ಥೆಯ ಸದಸ್ಯ ಸಂಖ್ಯೆಗೂ ಬೇರೆ ಪಾಸ್‌ಬುಕ್ ಇರುತ್ತದೆ, ಎಲ್ಲವನ್ನೂ ತೆರೆದು ನೋಡಿ. ತಿಂಗಳು ನಿಜವಾಗಿಯೂ ಬಿಟ್ಟುಹೋಗಿದ್ದರೆ ಮೊದಲು ನಿಮ್ಮ ಲೆಕ್ಕ ವಿಭಾಗದಲ್ಲಿ ಆ ತಿಂಗಳ ಚಲನ್ ಕೇಳಿ. ತೋರಿಸದಿದ್ದರೆ ಸಂಬಳ ಚೀಟಿಗಳನ್ನು ಸೇರಿಸಿ epfigms.gov.in ನಲ್ಲಿ ದೂರು ಕೊಡಿ. ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಎಂಬ ಪಿಎಫ್ ಶಿಬಿರವೂ ನಡೆಯುತ್ತದೆ. ಹೋಗುವಾಗ ಪಾಸ್‌ಬುಕ್ ಪ್ರತಿಯಲ್ಲಿ ಬಿಟ್ಟುಹೋದ ತಿಂಗಳ ಜಾಗವನ್ನು ಪೆನ್ನಿನಿಂದ ಗುರುತು ಮಾಡಿ, ಅದೇ ತಿಂಗಳ ಚೀಟಿಯನ್ನು ಜೊತೆಗೆ ಪಿನ್ ಮಾಡಿಕೊಂಡು ಹೋಗಿ.