ಸರ್ ‘ಫೈನ್’ ಅಂದರು, ಮುಂದೇನು ಬರೆಯಲಿ?

ಮೇಡಂ, ಪೀಣ್ಯದ ಒಂದು ಬಿಡಿಭಾಗಗಳ ಕಂಪನಿಯ ಅಕೌಂಟ್ಸ್‌ನಲ್ಲಿ 2020ರ ಜೂನ್‌ನಿಂದ ಇದ್ದೆ. ಮಗು ಆಗುವ ಹೊತ್ತಿಗೆ, 2023ರ ಮಾರ್ಚ್‌ನಲ್ಲಿ ಬಿಟ್ಟೆ. ಈಗ ಮೈಸೂರಿನ ಒಂದು ಪ್ಯಾಕೇಜಿಂಗ್ ಕಂಪನಿಯಲ್ಲಿ ಇಂಟರ್‌ವ್ಯೂ ಚೆನ್ನಾಗಿ ಆಗಿದೆ. ಹಿಂದಿನ ಮ್ಯಾನೇಜರ್ ರೆಫರೆನ್ಸ್ ಬೇಕೇ ಬೇಕು ಅಂತ ಫಾರ್ಮ್ ಕಳಿಸಿದ್ದಾರೆ, ಮುಂದಿನ ವಾರದೊಳಗೆ ಕೊಡಬೇಕು. ನಮ್ಮ ಸರ್ ಬಹಳ ಸ್ಟ್ರಿಕ್ಟ್. ಕೆಲಸ ಬಿಟ್ಟಮೇಲೆ ನಾನು ಒಂದು ಸಲವೂ ಮಾತಾಡಿಸಿಲ್ಲ, ಅವರೂ ಈಗ ಬೇರೆ ಕಂಪನಿಗೆ ಹೋಗಿದ್ದಾರೆ. 2021ರಲ್ಲಿ ಒಂದೇ ಬಿಲ್ ಎರಡು ಸಲ ಎಂಟ್ರಿ ಮಾಡಿ, ಎರಡೂ ಸಲ ಟ್ಯಾಕ್ಸ್ ಕ್ರೆಡಿಟ್ ತಗೊಂಡು, ಕೊನೆಗೆ ಬಡ್ಡಿ ಸಮೇತ ಕಟ್ಟಬೇಕಾಗಿ ಬಂದಿತ್ತು. ಎಲ್ಲರ ಮುಂದೆ ಬೈದಿದ್ದರು. ಆಮೇಲೆ ಪ್ರತಿ ತಿಂಗಳ ಟೂಬಿ ಮ್ಯಾಚಿಂಗ್, ಅಂದರೆ ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳ ಜಿಎಸ್‌ಟಿ ಪಟ್ಟಿಗೆ ನಮ್ಮ ಬಿಲ್ಲುಗಳನ್ನು ತಾಳೆ ನೋಡುವ ಕೆಲಸ, ನಾನೇ ನೋಡಿಕೊಂಡೆ, ಮತ್ತೆ ಹಾಗಾಗಲಿಲ್ಲ. ಮೊನ್ನೆ ಧೈರ್ಯ ಮಾಡಿ ‘ಹಾಯ್ ಸರ್, ಹೇಗಿದ್ದೀರಿ’ ಅಂತ ವಾಟ್ಸ್ಆ್ಯಪ್ ಮಾಡಿದೆ. ‘ಫೈನ್’ ಅಂತ ಬಂತು, ಅಷ್ಟೇ. ಬೇಕಾದಾಗ ಮಾತ್ರ ನೆನಪಾಯಿತಾ ಅಂದುಕೊಳ್ಳುತ್ತಾರೇನೋ. ಕೇಳೋದೇನು, ಅವರ ನಂಬರ್ ಕೊಟ್ಟುಬಿಡು ಅನ್ನುತ್ತಾಳೆ ಸ್ನೇಹಿತೆ. ಏನು ಮಾಡಲಿ?
— ಹೆಸರು ಬೇಡ, ಮೈಸೂರು

ಕೇಳದೇ ನಂಬರ್ ಕೊಡುವ ಕೆಲಸ ಮಾತ್ರ ಮಾಡಬೇಡಿ. ನೇಮಕಾತಿ ವಿಭಾಗದಲ್ಲಿ ಬಹಳ ವರ್ಷ ಇದ್ದವಳು ನಾನು, ರೆಫರೆನ್ಸ್‌ಗೆ ಫೋನ್ ಮಾಡುವ ಕಡೆ ಕೂತವಳು. ಗೊತ್ತಿಲ್ಲದ ನಂಬರ್ ಅಂದರೆ ಸಾಲದವರೋ ಕ್ರೆಡಿಟ್ ಕಾರ್ಡಿನವರೋ ಅಂತ ಅರ್ಧ ಜನ ಕಟ್ ಮಾಡುತ್ತಾರೆ. ಎತ್ತಿದವರಿಗೂ ನೀವು ಮೊದಲೇ ಹೇಳಿರದಿದ್ದರೆ, ‘ಯಾರು? ಯಾವ ವರ್ಷದಲ್ಲಿದ್ದರು?’ ಅಂತ ಅವರೇ ನಮ್ಮನ್ನು ಕೇಳುವಂತಾಗುತ್ತದೆ. ಆಮೇಲೆ ಎಷ್ಟೇ ಒಳ್ಳೆಯದು ಹೇಳಿದರೂ, ಈ ಹುಡುಗಿಯ ಕೆಲಸ ಇವರಿಗೆ ನೆನಪಿಲ್ಲ ಅನ್ನುವುದೇ ನಮ್ಮ ತಲೆಯಲ್ಲಿ ಉಳಿಯುತ್ತದೆ. ನಿಮ್ಮ ಸರ್ ಕೈಕೆಳಗೆ ಆಮೇಲೆ ಎಷ್ಟೋ ಜನ ಬಂದು ಹೋಗಿರಬಹುದು. ಅವರಿಗೆ ನಿಮ್ಮ ಮೇಲೆ ಸಿಟ್ಟೇ ಇಲ್ಲದಿದ್ದರೂ ನೆನಪು ಮಸುಕಾಗಿರುತ್ತದೆ. ನೀವು ಬರೆಯುವ ಪತ್ರ ಅದನ್ನು ತಿಳಿಗೊಳಿಸಬೇಕು. ಉಳಿದದ್ದನ್ನು ಅವರು ಮಾಡುತ್ತಾರೆ.

‘ಫೈನ್’ ಅನ್ನುವುದನ್ನು ಮುನಿಸು ಅಂದುಕೊಳ್ಳಬೇಡಿ. ಎರಡು ವರ್ಷ ಕಳೆದಮೇಲೆ ಬರುವ ‘ಹೇಗಿದ್ದೀರಿ’ ಹಿಂದೆ ಏನೋ ಕೆಲಸ ಇದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಅವರು ಅದನ್ನೇ ಕಾಯುತ್ತಿದ್ದಾರೆ. ‘ಮಕ್ಕಳು ಹೇಗಿದ್ದಾರೆ ಸರ್’ ಅಂತ ಇನ್ನೊಂದು ಸುತ್ತು ಹಾಕಿದರೆ ಇಬ್ಬರಿಗೂ ಇರುಸುಮುರುಸು. ಸಂಪರ್ಕದಲ್ಲಿರಲಿಲ್ಲ ಅನ್ನುವುದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿ. ಅದಕ್ಕೆ ಉದ್ದುದ್ದ ಕ್ಷಮೆ ಕೇಳಿದರೆ, ಪಾಪ, ಅವರು ಮೊದಲು ನಿಮ್ಮನ್ನು ಸಮಾಧಾನ ಮಾಡುತ್ತಾ ಕೂರಬೇಕಾಗುತ್ತದೆ.

ಅವರಿಗೆ ಬರೆಯುವ ಮೊದಲು ಹೊಸ ಕಂಪನಿಯ ಎಚ್‌ಆರ್‌ಗೆ ಒಂದು ಫೋನ್ ಮಾಡಿ. ವಿಚಾರಿಸುವವರು ಅವರೋ ಅಥವಾ ವೆರಿಫಿಕೇಶನ್ ಏಜೆನ್ಸಿಯವರೋ, ಫೋನಿನಲ್ಲೋ ಮೇಲ್‌ನಲ್ಲಿ ಫಾರ್ಮ್ ಕಳಿಸಿಯೋ ಅಂತ ಕೇಳಿಕೊಳ್ಳಿ. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಏಜೆನ್ಸಿಯವರು ಸಾಮಾನ್ಯವಾಗಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಬಿಟ್ಟ ಕಾರಣ, ಮತ್ತೆ ಕೆಲಸಕ್ಕೆ ತಗೊಳ್ಳುತ್ತೀರಾ ಅನ್ನುವಂಥದ್ದನ್ನು ಕೇಳಿ ಟಿಕ್ ಹಾಕುತ್ತಾರೆ. ನಿಮ್ಮನ್ನು ತೆಗೆದುಕೊಳ್ಳಲಿರುವ ಮ್ಯಾನೇಜರೇ ಮಾತಾಡಿದರೆ ಕೆಲಸದ ಒಳಗಿನ ಪ್ರಶ್ನೆಗಳು ಬರುತ್ತವೆ. ಇನ್ನೊಂದು ವಿಷಯ, ನಿಮ್ಮ ಸರ್ ಕಂಪನಿ ಬಿಟ್ಟಿರುವುದರಿಂದ ಅವರ ಹಳೆಯ ಆಫೀಸ್ ಮೇಲ್ ಐಡಿ ಈಗ ನಡೆಯುವುದಿಲ್ಲ. ಆಫೀಸ್ ಐಡಿಯೇ ಆಗಬೇಕು ಅನ್ನುವ ಫಾರ್ಮ್‌ಗಳು ಬಹಳ ಇವೆ. ಅವರ ಸ್ವಂತ ಮೇಲ್ ಮತ್ತು ಲಿಂಕ್ಡ್‌ಇನ್ ಪ್ರೊಫೈಲ್ ಕೊಟ್ಟರೆ ನಡೆಯುತ್ತದೆಯೇ ಅಂತ ಈಗಲೇ ಕೇಳಿ. ಅವರು ಒಪ್ಪಿದಮೇಲೆ ಇದು ನಡೆಯಲ್ಲ ಅಂತ ಗೊತ್ತಾಗಿ, ಮತ್ತೆ ಅವರಿಗೇ ತೊಂದರೆ ಕೊಡುವಂತಾಗಬಾರದು.

ಹಾಗೇ ರಿಲೀವಿಂಗ್ ಲೆಟರ್ ತೆಗೆದು ಮುಂದಿಟ್ಟುಕೊಳ್ಳಿ. ಅದರಲ್ಲಿ ‘ಜೂನಿಯರ್ ಅಕೌಂಟೆಂಟ್’ ಅಂತಿದ್ದು, ರೆಸ್ಯೂಮೆಯಲ್ಲಿ ‘ಅಕೌಂಟ್ಸ್ ಎಕ್ಸಿಕ್ಯುಟಿವ್’ ಅಂತ ನೀವು ಬರೆದು, ಸರ್ ಬಾಯಲ್ಲಿ ಮೂರನೆಯದೊಂದು ಬಂದರೆ, ಏನೂ ಇಲ್ಲದ ಕಡೆ ಸಂಶಯ ಹುಟ್ಟುತ್ತದೆ. ಲೆಟರ್‌ನಲ್ಲಿರುವ ಹುದ್ದೆ, ತಾರೀಖನ್ನೇ ಎಲ್ಲ ಕಡೆ ಬರೆಯಿರಿ.

ಇನ್ನು ಪತ್ರದ ಜೀವಾಳಕ್ಕೆ ಬರೋಣ. ‘ನನ್ನ ಕೆಲಸದ ಬಗ್ಗೆ ನಾಲ್ಕು ಒಳ್ಳೆ ಮಾತು ಹೇಳಿ ಸರ್’ ಅಂತ ಬರೆದರೆ ‘ಸಿನ್ಸಿಯರ್, ಹಾರ್ಡ್‌ವರ್ಕಿಂಗ್’ ಅನ್ನುವ ಉತ್ತರ ಬರುತ್ತದೆ. ಅದನ್ನು ಎಲ್ಲರ ಬಗ್ಗೆಯೂ ಹೇಳುತ್ತಾರೆ, ಕೇಳುವವರು ಬರೆದುಕೊಳ್ಳುವುದೂ ಇಲ್ಲ. ಅವರ ಕಣ್ಣೆದುರೇ ನಡೆದ, ಹೊಸ ಕೆಲಸಕ್ಕೆ ಸಂಬಂಧವಿರುವ ಒಂದೆರಡು ಘಟನೆ ಸಾಕು. ನಿಮ್ಮ ಹತ್ತಿರ ಅಂಥದ್ದಿದೆ. ತಿಂಗಳ 14ಕ್ಕೆ ಟೂಬಿ ಬರುತ್ತದೆ, 20ಕ್ಕೆ ತಿಂಗಳ ಜಿಎಸ್‌ಟಿ ರಿಟರ್ನ್ ತ್ರೀಬಿ ಹಾಕಬೇಕು, ನಡುವಿನ ಆರು ದಿನದಲ್ಲಿ ಖರೀದಿ ಬಿಲ್ಲುಗಳನ್ನೆಲ್ಲ ತಾಳೆ ನೋಡಬೇಕು. 2022ರ ಜನವರಿಯಿಂದ ಟೂಬಿಯಲ್ಲಿ ಕಾಣದ ಬಿಲ್ಲಿಗೆ ಕ್ರೆಡಿಟ್ಟೇ ಇಲ್ಲ ಅಂತಾದಾಗ ಅಕೌಂಟ್ಸ್‌ನವರು ಪಟ್ಟ ಪಾಡು ಅಕೌಂಟ್ಸ್ ಮ್ಯಾನೇಜರ್‌ಗೆ ಮರೆಯುವಂಥದ್ದಲ್ಲ. ಆ ತಿಂಗಳುಗಳಲ್ಲಿ ನೀವು ಏನು ಮಾಡಿದಿರಿ ಅಂತ ನೆನಪಿಸಿದರೆ ಉಳಿದದ್ದು ತಾನಾಗೇ ಬರುತ್ತದೆ.

ಡಬಲ್ ಎಂಟ್ರಿಯ ವಿಷಯವನ್ನೂ ಬಿಡಬೇಡಿ ಅಂದರೆ ನಿಮಗೆ ಎದೆ ಝಲ್ಲೆನ್ನಬಹುದು. ಆದರೆ ‘ಅವರಲ್ಲಿ ಏನು ಕೊರತೆ ಕಂಡಿರಿ’ ಅನ್ನುವ ಪ್ರಶ್ನೆ ಸಾಮಾನ್ಯವಾಗಿ ಬಂದೇ ಬರುತ್ತದೆ. ಆಗ ಅವರಿಗೆ ಮೊದಲು ಹೊಳೆಯುವುದು ಇದೇ, ಬೈದವರಿಗೂ ಬೈಗುಳ ನೆನಪಿರುತ್ತದೆ. ನೀವು ಬಿಟ್ಟರೂ ಅವರ ತಲೆಯಿಂದ ಅದು ಹೋಗುವುದಿಲ್ಲ. ಬರೆದರೆ ಮಾತ್ರ ತಪ್ಪಿನ ಜೊತೆಗೆ ಆಮೇಲಿನ ಒಂದೂವರೆ ವರ್ಷವೂ ನೆನಪಾಗುತ್ತದೆ. ತಪ್ಪು ಮಾಡಿದವಳೇ ಆ ಕೆಲಸವನ್ನು ಕೈಗೆತ್ತಿಕೊಂಡು ಮತ್ತೆ ಆಗದಂತೆ ನೋಡಿಕೊಂಡಳು ಅನ್ನುವ ಮಾತು ಮ್ಯಾನೇಜರ್ ಬಾಯಿಂದ ಬಂದರೆ ಅದಕ್ಕೆ ತೂಕ ಬಹಳ. ನಾನಾಗಿದ್ದರೆ ಅಂಥವರನ್ನು ತೆಗೆದುಕೊಳ್ಳುತ್ತಿದ್ದೆ.

ಮೇಲ್ ಬರೆಯಿರಿ. ವಿಷಯದ ಸಾಲಿನಲ್ಲೇ ರೆಫರೆನ್ಸ್ ಅನ್ನುವ ಮಾತು, ನಿಮ್ಮ ಹೆಸರು, ಉತ್ತರ ಬೇಕಾದ ದಿನ ಇರಲಿ. ನೀವು ಇಂಗ್ಲಿಷ್‌ನಲ್ಲಿ ಬರೆಯುತ್ತೀರೇನೋ, ಬರೆಯಿರಿ, ಹೂರಣ ಇಷ್ಟಿರಲಿ. ವಿವರ ಹೆಚ್ಚುಕಡಿಮೆ ಇದ್ದರೆ ನಡೆದದ್ದಕ್ಕೆ ತಕ್ಕಂತೆ ತಿದ್ದಿಕೊಳ್ಳಿ.

“ಸರ್, ನಮಸ್ಕಾರ. 2020ರ ಜೂನ್‌ನಿಂದ 2023ರ ಮಾರ್ಚ್‌ವರೆಗೆ ಪೀಣ್ಯದಲ್ಲಿ ನಿಮ್ಮ ಕೈಕೆಳಗೆ ಜೂನಿಯರ್ ಅಕೌಂಟೆಂಟ್ ಆಗಿದ್ದೆ, ಖರೀದಿ ಬಿಲ್ಲು ಮತ್ತು ಜಿಎಸ್‌ಟಿ ಮ್ಯಾಚಿಂಗ್ ನೋಡುತ್ತಿದ್ದೆ. ಇಷ್ಟು ದಿನ ಸಂಪರ್ಕದಲ್ಲಿರಲಿಲ್ಲ, ಈಗ ಒಂದು ಸಹಾಯ ಕೇಳಲು ಬರೆಯುತ್ತಿದ್ದೇನೆ. ಮೈಸೂರಿನ ಪ್ಯಾಕೇಜಿಂಗ್ ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸಕ್ಕೆ ಕೊನೆಯ ಹಂತಕ್ಕೆ ಬಂದಿದ್ದೇನೆ. ಹಿಂದಿನ ಮ್ಯಾನೇಜರ್ ಅಂತ ನಿಮ್ಮ ಹೆಸರು ಕೊಡಬಹುದೇ? ನೀವು ಒಪ್ಪಿದರೆ ಅವರ ಎಚ್‌ಆರ್ ಬುಧವಾರದಿಂದ ಶುಕ್ರವಾರದೊಳಗೆ ಫೋನ್ ಮಾಡುತ್ತಾರೆ, ಹತ್ತು ನಿಮಿಷ ಸಾಕಂತೆ. ಮಾಡುವವರ ಹೆಸರು, ನಂಬರ್ ಕೆಳಗಿದೆ. ಅವರಿಗೆ ಜಿಎಸ್‌ಟಿ ಮತ್ತು ಸಪ್ಲೈಯರ್ ಲೆಕ್ಕ ನೋಡುವವರು ಬೇಕಾಗಿದ್ದಾರೆ, ಹೆಚ್ಚಾಗಿ ಅದನ್ನೇ ಕೇಳಬಹುದು.

ನಿಮ್ಮ ನೆನಪಿಗೆ ಎರಡು ವಿಷಯ. 2021ರಲ್ಲಿ ಒಂದು ಬಿಲ್ಲನ್ನು ನಾನು ಎರಡು ಸಲ ಎಂಟ್ರಿ ಮಾಡಿ ಕ್ರೆಡಿಟ್ ವಾಪಸ್ ಕಟ್ಟಬೇಕಾಯಿತು. ಆಮೇಲೆ ಟೂಬಿ ಮ್ಯಾಚಿಂಗ್ ಪೂರ್ತಿ ನನಗೇ ವಹಿಸಿದಿರಿ, ನಾನಿರುವವರೆಗೂ ಅದು ಮತ್ತೆ ಆಗಲಿಲ್ಲ. 2022ರ ಜನವರಿಯಲ್ಲಿ ನಿಯಮ ಬದಲಾದಾಗ, ಬಿಲ್ ತಡವಾಗಿ ಹಾಕುವ ಸಪ್ಲೈಯರ್‌ಗಳ ಪಟ್ಟಿ ಮಾಡಿ, ಅವರು ರಿಟರ್ನ್ ಹಾಕುವ 11ನೇ ತಾರೀಖಿನ ಮುಂಚೆಯೇ ಫೋನ್ ಮಾಡುತ್ತಿದ್ದೆ. ಮಗುವಿನ ಕಾರಣಕ್ಕೆ ಕೆಲಸ ಬಿಟ್ಟೆ ಅಂತ ಅವರಿಗೆ ಹೇಳಿದ್ದೇನೆ. ರೆಸ್ಯೂಮೆ, ರಿಲೀವಿಂಗ್ ಲೆಟರ್ ಲಗತ್ತಿಸಿದ್ದೇನೆ.

ನಿಮಗೆ ಕಂಡದ್ದನ್ನೇ ಹೇಳಿ ಸರ್. ಕಂಪನಿ ನಿಯಮವೋ, ಸಮಯವಿಲ್ಲವೋ, ಆಗುವುದಿಲ್ಲ ಅಂದರೂ ನನಗೆ ಖಂಡಿತ ಬೇಸರವಿಲ್ಲ. ಸೋಮವಾರ ಸಂಜೆಯೊಳಗೆ ಒಂದು ಸಾಲು ಬರೆದರೆ ಬೇರೆ ಏರ್ಪಾಡು ಮಾಡಿಕೊಳ್ಳುತ್ತೇನೆ. ಆಗುವುದಾದರೆ, ಯಾವ ನಂಬರ್‌ಗೆ, ಯಾವ ಹೊತ್ತಿಗೆ ಮಾಡಬೇಕು ಅಂತ ತಿಳಿಸಿದರೆ ಸಾಕು.”

‘ನಿಮಗೆ ಕಂಡದ್ದನ್ನೇ ಹೇಳಿ’ ಅನ್ನುವ ಸಾಲನ್ನು ದಯವಿಟ್ಟು ತೆಗೆಯಬೇಡಿ. ನೆನಪಿಸುವುದು ಬೇರೆ, ಮಾತು ಬಾಯಿಗಿಡುವುದು ಬೇರೆ. ‘ನಾನೇ ಇಡೀ ಟೀಮ್ ನಡೆಸುತ್ತಿದ್ದೆ ಅಂತ ಹೇಳಿಬಿಡಿ ಸರ್’ ಅನ್ನುವಂಥ ಮೇಲ್ ಹೋದರೆ ಸ್ಟ್ರಿಕ್ಟ್ ಮನುಷ್ಯರು ಅಲ್ಲಿಗೇ ಬಾಗಿಲು ಮುಚ್ಚುತ್ತಾರೆ. ಕಟ್ಟಿದ ಕ್ರೆಡಿಟ್‌ನ ಮೊತ್ತವನ್ನೂ, ಹಳೆಯ ಕಂಪನಿಯ ಬೇರೆ ಲೆಕ್ಕವನ್ನೂ ಮೇಲ್‌ನಲ್ಲಿ ಬರೆಯಬೇಡಿ. ಅದು ಕಂಪನಿಯ ಗುಟ್ಟು, ಅವರಿಗೂ ಅದನ್ನು ಹೊರಗೆ ಹೇಳಲಾಗದು.

ಮೇಲ್ ಕಳಿಸಿದ ತಕ್ಷಣ ವಾಟ್ಸ್ಆ್ಯಪ್‌ನಲ್ಲಿ ಆ ‘ಫೈನ್’ ಕೆಳಗೆ ಒಂದು ಸಾಲು ಹಾಕಿ, ‘ರೆಫರೆನ್ಸ್ ವಿಷಯವಾಗಿ ಮೇಲ್ ಕಳಿಸಿದ್ದೇನೆ ಸರ್, ಬಿಡುವಾದಾಗ ನೋಡಿ’ ಅಂತ. ದಿನವನ್ನೂ ನೋಡಿಕೊಳ್ಳಿ. ಅಕೌಂಟ್ಸ್‌ನವರಿಗೆ 7ರ ಹೊತ್ತಿಗೆ ಟಿಡಿಎಸ್ ಕಟ್ಟುವ ಗಡಿಬಿಡಿ, 18ರಿಂದ 20 ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಎಚ್‌ಆರ್ ಫೋನ್ ಆ ದಿನಗಳಲ್ಲೇ ಬೀಳುವಂತಿದ್ದರೆ ಎರಡು ದಿನ ಮುಂದಕ್ಕೆ ಹಾಕಿ ಅಂತ ಕೇಳಿಕೊಳ್ಳಿ, ಸಾಮಾನ್ಯವಾಗಿ ಒಪ್ಪುತ್ತಾರೆ.

ಸೋಮವಾರದವರೆಗೆ ಉತ್ತರ ಬರದಿದ್ದರೆ ಮಂಗಳವಾರ ಬೆಳಿಗ್ಗೆ ಒಂದೇ ಒಂದು ಸಲ ಫೋನ್ ಮಾಡಿ. ಎತ್ತಲಿಲ್ಲ, ಅಥವಾ ‘ನೋಡೋಣ’ ಅಂತ ತೇಲಿಸಿದರು ಅಂದರೆ ಅವರ ಹೆಸರು ಕೊಡಬೇಡಿ. ಅರೆಮನಸ್ಸಿನ ರೆಫರೆನ್ಸ್ ಫೋನಿನಲ್ಲಿ ತಕ್ಷಣ ಗೊತ್ತಾಗುತ್ತದೆ, ಇಲ್ಲದಿರುವುದಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆ. ಆಗ ಎಚ್‌ಆರ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿ, ಮ್ಯಾನೇಜರ್ ಕಂಪನಿ ಬಿಟ್ಟಿದ್ದಾರೆ, ಸಂಪರ್ಕಕ್ಕೆ ಸಿಗುತ್ತಿಲ್ಲ ಅಂತ. ನಿಮ್ಮ ಮ್ಯಾಚಿಂಗ್ ಶೀಟ್ ನೋಡುತ್ತಿದ್ದ ಆಡಿಟರ್, ದಿನವೂ ಬಿಲ್ಲಿಗಾಗಿ ನಿಮ್ಮ ಜೊತೆ ಮಾತಾಡುತ್ತಿದ್ದ ಪರ್ಚೇಸ್ ಮ್ಯಾನೇಜರ್, ಇವರಲ್ಲಿ ಒಬ್ಬರ ಹೆಸರು ಆಗುತ್ತದೆಯೇ ಅಂತ ಕೇಳಿ. ದಿನ, ಹುದ್ದೆ ಖಚಿತಪಡಿಸಲು ಹಳೆಯ ಕಂಪನಿಯ ಎಚ್‌ಆರ್ ಇದ್ದೇ ಇದ್ದಾರೆ. ಆ ಇಬ್ಬರಲ್ಲಿ ಯಾರನ್ನು ಕೇಳುವುದಾದರೂ ಇದೇ ಮೇಲ್ ಬೇಕು, ಅವರು ಕಣ್ಣಾರೆ ಕಂಡ ಘಟನೆಯನ್ನು ಮಾತ್ರ ಬದಲಿಸಿ.

ಸರ್ ಒಪ್ಪಿ, ಮಾತಾಡಿದರೆ, ಕೆಲಸ ಸಿಕ್ಕಿತೋ ಇಲ್ಲವೋ ಅಂತ ಅವರಿಗೆ ತಿಳಿಸಿ. ಸಿಗದಿದ್ದರೂ ತಿಳಿಸಿ. ಇನ್ನೊಂದು ಕಡೆ ಅರ್ಜಿ ಹಾಕುವಾಗ, ಒಮ್ಮೆ ಒಪ್ಪಿದ್ದಾರಲ್ಲ ಅಂತ ಕೇಳದೇ ಹೆಸರು ಹಾಕಬೇಡಿ. ಪ್ರತಿ ಸಲವೂ ಯಾವ ಕೆಲಸ, ಯಾರು ಫೋನ್ ಮಾಡುತ್ತಾರೆ ಅಂತ ಎರಡು ಸಾಲು ಬರೆದು ಕೇಳಿಯೇ ಕೊಡಿ.