ಆಫೀಸ್ ವಾಶ್‌ರೂಮಿನ ಸೆನ್ಸರ್ ಟ್ಯಾಪ್‌ಗಳ ತೊಂದರೆ

ಪ್ರಶ್ನೆ: ನಮ್ ಆಫೀಸಿನ ಸೆನ್ಸರ್ ನಲ್ಲಿಲಿ ಕೈ ಇಟ್ರೆ ಟಿಕ್ ಅಂತ ಸೌಂಡ್ ಬರತ್ತೆ, ಆದ್ರೆ ನೀರು ಸಣ್ಣದಾಗಿ ಬರತ್ತೆ. ಬ್ಯಾಟರಿ ಹೋಗಿದ್ಯಾ?

ಉತ್ತರ: ಟಿಕ್ ಸೌಂಡ್ ಬಂತು ಅಂದ್ರೆ ಸೆನ್ಸರ್, ಬ್ಯಾಟರಿ ಎರಡೂ ಹೆಚ್ಚುಕಮ್ಮಿ ಸರಿ ಇವೆ ಅಂತ, ಮೊದ್ಲು ಕಸ ತಡೆಯೋ ಜಾಲರಿ, ಅಂದ್ರೆ ಸ್ಟ್ರೈನರ್ ನೋಡಿ. ಬೇಸಿನ್ ಕೆಳಗಿನ ಆಂಗಲ್ ಕಾಕ್ ಪೂರ್ತಿ ಬಂದ್ ಮಾಡಿ, ಕಂಟ್ರೋಲ್ ಬಾಕ್ಸಿಗೆ ನೀರು ಬರೋ ಪೈಪ್ ಬಿಚ್ಚಿದ್ರೆ ಸಣ್ಣ ಜಾಲರಿ ಸಿಗತ್ತೆ, ಅದರಲ್ಲಿ ಮರಳು, ತುಕ್ಕು, ಥ್ರೆಡ್ ಟೇಪ್ ಚೂರು ಎಲ್ಲಾ ಕೂತಿರತ್ತೆ. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಬೋರ್ ನೀರಿನ ಬಿಳಿ ಪದರ ಇದ್ರೆ ಸ್ವಲ್ಪ ಹೊತ್ತು ವಿನೆಗರ್‌ನಲ್ಲಿ ನೆನೆಸಿ ತೊಳೀರಿ. ಜಾಲರಿ ಕಿತ್ತಾಕಿ ಹಾಗೇ ಓಡ್ಸೋರೂ ಇದ್ದಾರೆ, ಅದು ಬೇಡ್ವೇ ಬೇಡ, ಯಾಕಂದ್ರೆ ಆಮೇಲೆ ಅದೇ ಕಸ ಕರೆಂಟಲ್ಲಿ ತೆರೆದು ಮುಚ್ಚೋ ಸೊಲೆನಾಯ್ಡ್ ವಾಲ್ವ್ ಒಳಗಿನ ರಬ್ಬರ್ ಡಯಾಫ್ರಮ್ಮಿನ ಸಣ್ಣ ತೂತಲ್ಲಿ ಸಿಕ್ಕಾಕೊಂಡು ವಾಲ್ವ್ ಸರಿಯಾಗಿ ಮುಚ್ಚದೆ ನೀರು ತೊಟ್ಟಿಕ್ತಾನೇ ಇರತ್ತೆ.

ಸ್ಟ್ರೈನರ್ ಕ್ಲೀನ್ ಇದ್ರೂ ಫ್ಲೋ ಕಮ್ಮಿನಾ? ನಲ್ಲಿ ತುದಿಯಲ್ಲಿ ನೀರಿಗೆ ಗಾಳಿ ಬೆರೆಸೋ ಏರೇಟರ್ ಬಿಚ್ಚಿ, ಅಲ್ಲೂ ಕಸ ಕೂತಿದ್ಯಾ ನೋಡಿ.

ಟಿಕ್ ಸೌಂಡೇ ಇಲ್ಲ ಅಂದ್ರೆ ಆಗ ಮೊದ್ಲು ಬ್ಯಾಟರಿ ನೋಡಿ. ಸಾಮಾನ್ಯವಾಗಿ 4 ಎಎ ಸೆಲ್, ಒಟ್ಟು 6 ವೋಲ್ಟ್. ಇಂಥ ನಲ್ಲಿಯ ಸೊಲೆನಾಯ್ಡ್ ವಾಲ್ವಿಗೆ ತೆರೆಯೋಕೊಂದು, ಮುಚ್ಚೋಕೊಂದು ಕ್ಷಣದ ಕರೆಂಟ್ ಸಾಕು, ನಡುವೆ ಮ್ಯಾಗ್ನೆಟ್ಟೇ ಹಿಡ್ಕೊಂಡಿರತ್ತೆ, ಅದಕ್ಕೇ ಸೆಲ್ ತುಂಬಾ ದಿನ ಬರೋದು. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ, ಆಲ್ಕಲೈನೇ ಹಾಕಿ, ಹಳೇದು ಹೊಸದು ಮಿಕ್ಸ್ ಬೇಡ. ಯಾರೂ ಇಲ್ದೆ ತಾನಾಗೇ ನೀರು ಬರ್ತಿದ್ರೆ ಸೆನ್ಸರ್ ಕಣ್ಣಿನ ಮೇಲಿನ ಸೋಪು ಕಲೆ ಒರೆಸಿ ನೋಡಿ, ಹೊಳೆಯೋ ಸ್ಟೀಲ್ ಬೇಸಿನ್ ಆದ್ರೆ ಸೆನ್ಸರ್ ರೇಂಜ್ ಕಮ್ಮಿ ಮಾಡ್ಬೇಕಾಗ್ಬೋದು.